ಮೂರು ಪ್ಲಸ್ಸಿನ ವರದಿ

ನಮ್ಮ ಆಸ್ಪತ್ರೆಯ ಎಲುಬಿನ ಡಾಕ್ಟರಿಗೂ ನನಗೂ ಎಣ್ಣೆ ಸೀಗೆಕಾಯಿ. ಗದಗಿನ ಆ ಒಂದೇ ಕಟ್ಟಡದಲ್ಲಿ ಹದಿನೆಂಟು ವರ್ಷ ದುಡಿದಿದ್ದೇವೆ. ಅವರು ಮೇಲಿನ ಮಹಡಿಯಲ್ಲಿ ಎಲುಬು ಜೋಡಿಸುತ್ತಿದ್ದರು, ನಾನು ಕೆಳಗೆ ಹಿಂಭಾಗದ ಲ್ಯಾಬಿನಲ್ಲಿ ಕೀವು, ಮೂತ್ರ, ರಕ್ತಗಳಲ್ಲಿ ಬ್ಯಾಕ್ಟೀರಿಯಾ ಹುಡುಕಿ, ಯಾವ ಔಷಧಕ್ಕೆ ಅದು ಸಾಯುತ್ತದೆ ಎಂದು ಹೇಳುತ್ತಿದ್ದೆ. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಅವರು ನನ್ನ ಲ್ಯಾಬಿನಲ್ಲಿ ಕುಳಿತು ಚಹಾ ಕುಡಿದಿಲ್ಲ. ಕುಡಿಯಿರಿ ಎಂದು ನಾನೂ ಅಂದಿಲ್ಲ.

ಜಗಳದ ಬೇರು ಪ್ಲಸ್ಸಿನಲ್ಲಿತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಅದರಿಂದಲೇ ಆಯಿತು.

ಗಾಯದಿಂದ ಬಂದ ಬ್ಯಾಕ್ಟೀರಿಯಾವನ್ನು ನಾವು ಅಗರ್ ಎಂಬ ಹೆಪ್ಪುಗಟ್ಟಿದ ಪೋಷಕ ತುಂಬಿದ ಗುಂಡು ಪ್ಲೇಟಿನ ಮೇಲೆ ಒಂದೇ ಸಮನಾಗಿ ಸವರುತ್ತೇವೆ. ಅದರ ಮೇಲೆ ಬೇರೆ ಬೇರೆ ಔಷಧ ಹೀರಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಮರುದಿನ ನೋಡಿದರೆ ಪ್ಲೇಟಿನ ತುಂಬ ಬ್ಯಾಕ್ಟೀರಿಯಾ ಮಬ್ಬಾಗಿ ಹಬ್ಬಿರುತ್ತದೆ. ಕೆಲಸ ಮಾಡುವ ಔಷಧದ ಬಿಲ್ಲೆಯ ಸುತ್ತ ಮಾತ್ರ ಬಯಲಾದ ಒಂದು ಗುಂಡು ವರ್ತುಲ ಕಾಣುತ್ತದೆ. ಆ ವರ್ತುಲವನ್ನು ಸ್ಕೇಲಿನಿಂದ ಅಳೆದು, ಆಯಾ ಔಷಧಕ್ಕೆ ಗೊತ್ತುಮಾಡಿದ ಅಳತೆಯ ಜೊತೆ ಹೋಲಿಸಿ ನಡೆಯುತ್ತದೆ, ನಡೆಯುವುದಿಲ್ಲ ಎಂದು ಬರೆಯಬೇಕು. ಒಂದು ಔಷಧದ ವರ್ತುಲವನ್ನು ಇನ್ನೊಂದರ ಜೊತೆ ಹೋಲಿಸಬಾರದು. ಕೆಲವು ಔಷಧ ಅಗರಿನಲ್ಲಿ ದೂರ ಹರಿಯುತ್ತವೆ, ಕೆಲವು ಹರಿಯುವುದಿಲ್ಲ. ದೊಡ್ಡ ವರ್ತುಲ ಎಂದರೆ ದೊಡ್ಡ ಔಷಧ ಎಂದಲ್ಲ.

ಆದರೆ ನಮ್ಮ ಕಡೆಯ ಲ್ಯಾಬುಗಳಲ್ಲಿ ಒಂದು ರೂಢಿ ಬೆಳೆದುಬಿಟ್ಟಿತ್ತು. ವರ್ತುಲ ದೊಡ್ಡದಿದ್ದರೆ ಮೂರು ಪ್ಲಸ್, ನಡುವಿನದಕ್ಕೆ ಎರಡು, ಸಣ್ಣದಕ್ಕೆ ಒಂದು. ಡಾಕ್ಟರುಗಳಿಗೆ ಇದು ಬಹಳ ಸೇರಿತು. ವರದಿ ಓದುವ ಕಷ್ಟವಿಲ್ಲ, ಮೂರು ಪ್ಲಸ್ ಎಲ್ಲಿದೆ ನೋಡಿ ಚೀಟಿ ಬರೆದರಾಯಿತು. ನಾನು ಬಂದ ಹೊಸದರಲ್ಲಿ ಪ್ಲಸ್ ಹಾಕುವುದಿಲ್ಲ ಎಂದೆ. ಎಲುಬಿನ ಡಾಕ್ಟರು ಆಡಳಿತದವರಿಗೆ ದೂರು ಕೊಟ್ಟರು. ಒಂದು ವರ್ಷ ಗುದ್ದಾಡಿ ನಾನು ಸೋತೆ. ಪ್ಲಸ್ ಹಾಕತೊಡಗಿದೆ, ಆದರೆ ಅಡಿಯಲ್ಲಿ ಎರಡು ಸಾಲು ಟಿಪ್ಪಣಿ ಬರೆಯುತ್ತಿದ್ದೆ: ಈ ಬ್ಯಾಕ್ಟೀರಿಯಾ ಇಂಥದ್ದು, ಈ ಔಷಧ ಈಗ ನಡೆದರೂ ಮುಂದೆ ಕೈಕೊಡಬಹುದು, ಎಚ್ಚರ.

ಅದಕ್ಕೂ ಅವರದು ಕುಹಕ. ಒಮ್ಮೆ ಆಪರೇಷನ್ ಥಿಯೇಟರಿನ ಹೊರಗೆ ನಾಲ್ಕು ಮಂದಿಯ ಮುಂದೆ, "ಮೇಡಂ, ರಿಪೋರ್ಟ್ ಕೇಳಿದ್ರ ಪುರಾಣ ಬರದು ಕಳಸ್ತೀರಲ್ರೀ, ಶ್ರಾವಣದಾಗ ಓದಸ್ತೀವಿ ಬಿಡ್ರಿ" ಎಂದರು. ಎಲ್ಲರೂ ನಕ್ಕರು. ಆ ದಿನದಿಂದ ಅವರ ರೋಗಿಗಳ ವರದಿಗೆ ಟಿಪ್ಪಣಿ ಬರೆಯುವುದನ್ನೇ ಬಿಟ್ಟೆ. ಬೇರೆ ಡಾಕ್ಟರುಗಳ ವರದಿಗೆ ಬರೆಯುತ್ತಿದ್ದೆ, ಅವರದಕ್ಕೆ ಮಾತ್ರ ಇಲ್ಲ. ಇದನ್ನು ನಾನು ಆಗ ಸ್ವಾಭಿಮಾನ ಎಂದುಕೊಂಡಿದ್ದೆ.

ಬೆಟಗೇರಿಯ ಆ ನೇಕಾರ್ತಿ ಬಂದದ್ದು ಇಂಥ ಹೊತ್ತಿನಲ್ಲಿ. ನಲವತ್ತರ ಆಸುಪಾಸಿನ ಹೆಂಗಸು. ಗಂಡ ಹೆಂಡಿರಿಬ್ಬರೂ ಸೀರೆ ನೇಯುವವರು. ಗಂಡನಿಗೆ ಉಬ್ಬಸ, ಆದ್ದರಿಂದ ಮಗ್ಗದಲ್ಲಿ ಹೆಚ್ಚು ಹೊತ್ತು ಕೂರುವವಳು ಅವಳೇ. ನೆಲದೊಳಗೆ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ತುಳಿಹಲಗೆ ಒತ್ತುತ್ತ ನೇಯುವ ಮಗ್ಗ ಅದು. ಮುಳಗುಂದದ ಅಕ್ಕನ ಮನೆಯಿಂದ ವಾಪಸು ಬರುವಾಗ ಆಟೋ ಮಗುಚಿ ಎಡಗಾಲಿನ ಮೊಣಕಾಲ ಕೆಳಗೆ ಎಲುಬು ಮುರಿದಿತ್ತು. ಎಲುಬಿನ ಡಾಕ್ಟರು ಉಕ್ಕಿನ ಪಟ್ಟಿ ಕೂರಿಸಿ ಜೋಡಿಸಿದರು. ಅವರ ಕೈ ಒಳ್ಳೆಯದು, ಸುಳ್ಳು ಹೇಳಬಾರದು. ಆದರೆ ಮೂರನೆಯ ವಾರ ಹೊಲಿಗೆಯ ಜಾಗದಲ್ಲಿ ಕೀವು ಕಾಣಿಸಿತು. ಗಾಯ ತೊಳೆದು ಕೀವನ್ನು ನನ್ನ ಲ್ಯಾಬಿಗೆ ಕಳಿಸಿದರು.

ಕೀವಿನಲ್ಲಿ ಬೆಳೆದದ್ದು ಎಂಟೆರೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ. ಇದರ ಗುಣ ನನಗೆ ಚೆನ್ನಾಗಿ ಗೊತ್ತು. ಪೆನಿಸಿಲಿನ್, ಸೆಫಲೋಸ್ಪೋರಿನ್ ವಂಶದ ಔಷಧಗಳ ಅಣುವಿನ ನಡುವೆ ನಾಲ್ಕು ಮೂಲೆಯ ಒಂದು ಉಂಗುರವಿರುತ್ತದೆ. ಅದು ಗಟ್ಟಿಯಿದ್ದರೆ ಮಾತ್ರ ಔಷಧಕ್ಕೆ ಶಕ್ತಿ. ಆ ಉಂಗುರವನ್ನು ಒಡೆಯುವ ಕಿಣ್ವಕ್ಕೆ ಬೀಟಾ-ಲ್ಯಾಕ್ಟಮೇಸ್ ಎಂದು ಹೆಸರು. ಬೇರೆ ಎಷ್ಟೋ ಬ್ಯಾಕ್ಟೀರಿಯಾಗಳು ಈ ಕಿಣ್ವದ ವಿದ್ಯೆಯನ್ನು ಇನ್ನೊಬ್ಬರಿಂದ ಎರವಲು ಪಡೆಯುತ್ತವೆ. ಎಂಟೆರೋಬ್ಯಾಕ್ಟರಿಗೆ ಅದು ಹುಟ್ಟಿನಿಂದಲೇ ಬಂದದ್ದು. ಆದರೆ ಸುಮ್ಮನಿರುವಾಗ ಆ ಕಿಣ್ವದ ವಂಶವಾಹಿಗೆ ಲಗಾಮು ಬಿಗಿದಿರುತ್ತದೆ, ಕಿಣ್ವ ತಯಾರಾಗುವುದು ಚಿಟಿಕೆಯಷ್ಟು. ಕೆಲವು ಔಷಧ ತಾಕಿದರೆ ಲಗಾಮು ಸಡಿಲಾಗುತ್ತದೆ. ಸೆಫಾಕ್ಸಿಟಿನ್ ಎಂಬುದು ಅಂಥದ್ದು. ಅದು ಈ ಬ್ಯಾಕ್ಟೀರಿಯಾವನ್ನು ಕೊಲ್ಲಲಾರದು, ಎಬ್ಬಿಸುವುದರಲ್ಲಿ ಮಾತ್ರ ಗಟ್ಟಿಗ.

ಅದಕ್ಕಾಗಿಯೇ ನಾನು ನಮ್ಮ ಲ್ಯಾಬಿನಲ್ಲಿ ಒಂದು ಪದ್ಧತಿ ಇಟ್ಟಿದ್ದೆ. ಅದೇ ಉಂಗುರದ, ಡಾಕ್ಟರುಗಳು ಹೆಚ್ಚು ಬರೆಯುವ ಸೆಫ್ಟ್ರಯಾಕ್ಸೋನ್ ಔಷಧದ ಬಿಲ್ಲೆಯ ಪಕ್ಕದಲ್ಲೇ ಸೆಫಾಕ್ಸಿಟಿನ್ ಬಿಲ್ಲೆ ಇಡಬೇಕು. ಬ್ಯಾಕ್ಟೀರಿಯಾದೊಳಗೆ ಕಿಣ್ವ ಮಲಗಿದ್ದರೆ, ಸೆಫಾಕ್ಸಿಟಿನ್ ಹರಿದು ಬಂದ ಬದಿಯಲ್ಲಿ ಅದು ಎದ್ದು ಸೆಫ್ಟ್ರಯಾಕ್ಸೋನನ್ನು ಒಡೆಯುತ್ತದೆ. ಆಗ ಸೆಫ್ಟ್ರಯಾಕ್ಸೋನಿನ ಗುಂಡು ವರ್ತುಲ ಆ ಒಂದು ಬದಿಯಲ್ಲಿ ಚಪ್ಪಟೆಯಾಗುತ್ತದೆ, ಅರ್ಧಕ್ಕೆ ತುಂಡು ಮಾಡಿದ ರೊಟ್ಟಿಯ ಹಾಗೆ. ಚಪ್ಪಟೆ ಅಂಚು ಕಂಡರೆ ಸೆಫ್ಟ್ರಯಾಕ್ಸೋನ್ ಕೊಡಬೇಡಿ ಎಂದು ಬರೆಯಬೇಕು. ಈ ಬಲೆ ಹೆಣೆದವಳು ನಾನೇ.

ವರದಿ ಕೊಡುವ ದಿನ ಬೆಳಿಗ್ಗೆ ಪ್ಲೇಟನ್ನು ಬೆಳಕಿಗೆ ಹಿಡಿದಿದ್ದೆ, ಫೋನು ಬಂತು. ಎಲುಬಿನ ಡಾಕ್ಟರು.

"ಬೆಟಗೇರಿ ಪೇಶಂಟಿಂದು ಏನಾತ್ರಿ?"

"ನೋಡಾಕತ್ತೀನಿ. ಇದು ಬ್ಯಾರೆ ನಮೂನಿ ಹುಳ ಐತ್ರಿ, ಸ್ವಲ್ಪ ತಡೀರಿ, ಹೇಳ್ತೀನಿ."

"ಹುಳದ ಜಾತಕ ಬ್ಯಾಡ್ರಿ ನನಗ. ಮೂರು ಪ್ಲಸ್ ಯಾವುದಕ್ಕ ಐತಿ ಅಷ್ಟ ಹೇಳ್ರಿ. ರೌಂಡ್ಸಿಗೆ ನಿಂತೀನಿ."

ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಅದು ಶಿರಹಟ್ಟಿಯ ನಮ್ಮ ಮನೆತನದ ಆಸ್ತಿ. ಸ್ಕೇಲು ತೆಗೆದುಕೊಂಡು ಸೆಫ್ಟ್ರಯಾಕ್ಸೋನಿನ ವರ್ತುಲ ಅಳೆದೆ. ಇಪ್ಪತ್ತೇಳು ಮಿಲಿಮೀಟರ್. ಆ ಪ್ಲೇಟಿನಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. "ಸೆಫ್ಟ್ರಯಾಕ್ಸೋನ್ ಮೂರು, ಸಿಪ್ರೊಫ್ಲಾಕ್ಸಾಸಿನ್ ಎರಡು, ಅಮಿಕಾಸಿನ್ ಒಂದು. ಆತಿಲ್ರೀ?" ಎಂದು ಫೋನು ಕುಕ್ಕಿದೆ. ವರದಿಯಲ್ಲೂ ಅದನ್ನೇ ಬರೆದು ಸಹಿ ಹಾಕಿದೆ. ಮೆರೊಪೆನೆಮ್‌ನಂಥ ಕೊನೆಯ ಔಷಧಗಳನ್ನು ಮೊದಲ ವರದಿಯಲ್ಲಿ ತೋರಿಸದೆ ಮುಚ್ಚಿಡುವುದು ನಮ್ಮ ಪದ್ಧತಿ. ತೋರಿಸಿದರೆ ನೆಗಡಿಗೂ ಅದನ್ನೇ ಬರೆಯುತ್ತಾರೆ. ಹಾಗಾಗಿ ಅದನ್ನೂ ತೋರಿಸಲಿಲ್ಲ.

ನಾನು ಅಳೆದದ್ದು ಮೇಲಿನಿಂದ ಕೆಳಕ್ಕೆ. ಅಡ್ಡಕ್ಕೆ ಅಳೆಯಲಿಲ್ಲ. ಅಡ್ಡಕ್ಕೆ ಯಾಕೆ ಅಳೆಯಲಿಲ್ಲ ಎಂಬುದನ್ನು ಆಮೇಲೆ ಹೇಳುತ್ತೇನೆ.

ಸೆಫ್ಟ್ರಯಾಕ್ಸೋನ್ ಇಂಜೆಕ್ಷನ್ನು, ಜೊತೆಗೆ ಸಿಪ್ರೊಫ್ಲಾಕ್ಸಾಸಿನ್ ಗುಳಿಗೆ ಶುರುವಾಯಿತು. ಐದು ದಿನ ಗಾಯ ಒಣಗುತ್ತ ಬಂತು. ಆರನೆಯ ದಿನ ಮತ್ತೆ ಕೀವು, ಜ್ವರ. ಏಳನೆಯ ದಿನ ಮತ್ತೆ ನನ್ನಲ್ಲಿಗೆ ಕೀವು ಬಂತು. ಒಂಬತ್ತನೆಯ ದಿನ ಪ್ಲೇಟು ನೋಡಿದೆ: ಅದೇ ಎಂಟೆರೋಬ್ಯಾಕ್ಟರ್, ಆದರೆ ಸೆಫ್ಟ್ರಯಾಕ್ಸೋನ್ ಬಿಲ್ಲೆಯ ಅಂಚಿನ ತನಕ ಬ್ಯಾಕ್ಟೀರಿಯಾ ಹಬ್ಬಿತ್ತು, ವರ್ತುಲವೇ ಇಲ್ಲ. ಸಿಪ್ರೊಫ್ಲಾಕ್ಸಾಸಿನ್ ವರ್ತುಲ ಕುಗ್ಗಿತ್ತು. ವರದಿ ಮೇಲೆ ಹೋಗಿ ಹತ್ತು ನಿಮಿಷವಾಗಿತ್ತೋ ಇಲ್ಲವೋ, ಎಲುಬಿನ ಡಾಕ್ಟರು ಎರಡೂ ಕಾಗದ ಕೈಯಲ್ಲಿ ಹಿಡಿದು ನನ್ನ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದರು. ಹದಿನೆಂಟು ವರ್ಷದಲ್ಲಿ ಅವರು ಒಳಗೆ ಬಂದದ್ದು ಅದೇ ಮೊದಲು.

"ಇದರಾಗ ಯಾವುದು ಖರೆ, ಯಾವುದು ಸುಳ್ಳು, ನೀವ ಹೇಳ್ರಿ. ಮೊನ್ನೆ ಮೂರು ಪ್ಲಸ್, ಇವತ್ತು ಸೊನ್ನಿ. ಒಬ್ಬಾಕಿ ಕಾಲು, ಒಂದ ಹುಳ."

"ಎರಡೂ ಖರೇನ."

"ಹೆಂಗ್ರಿ ಎರಡೂ ಖರೆ? ಲ್ಯಾಬ್ ಐತೋ, ಗಿಣಿಶಾಸ್ತ್ರದ ಅಂಗಡಿ ಐತೋ?"

ನಾನೂ ದನಿ ಏರಿಸಿದೆ. ಕೀವಿನಲ್ಲಿ ಬ್ಯಾಕ್ಟೀರಿಯಾ ಒಂದಲ್ಲ, ಕೋಟಿಗಟ್ಟಲೆ ಇರುತ್ತವೆ ಎಂದೆ. ಅವುಗಳಲ್ಲಿ ಎಲ್ಲೋ ಒಂದೆರಡು, ಕಿಣ್ವದ ಲಗಾಮು ಹರಿದೇ ಹುಟ್ಟಿರುತ್ತವೆ. ಅವನ್ನು ಯಾರೂ ಎಬ್ಬಿಸಬೇಕಿಲ್ಲ, ಹಗಲಿರುಳು ಕಿಣ್ವ ತಯಾರಿಸುತ್ತವೆ. ಸೆಫ್ಟ್ರಯಾಕ್ಸೋನ್ ಉಳಿದವನ್ನೆಲ್ಲ ಕೊಂದು ಈ ಒಂದೆರಡಕ್ಕೆ ಹೊಲ ಹಸನು ಮಾಡಿಕೊಡುತ್ತದೆ. ಐದು ದಿನದಲ್ಲಿ ಗಾಯದ ತುಂಬ ಅವುಗಳದೇ ಸಂತತಿ. ಔಷಧ ಅವನ್ನು ಕೆಡಿಸಲಿಲ್ಲ, ಆರಿಸಿತು.

"ಮತ್ತ ಸಿಪ್ರೊ? ಅದಕ್ಕ ಆ ಉಂಗುರ ಇಲ್ಲಲ್ರೀ, ಅದ್ಯಾಕ ಕುಗ್ಗಿತು?"

ಪ್ರಶ್ನೆ ಸರಿಯಾಗಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಎರಡನೆಯ ಪ್ಲೇಟು ತೋರಿಸಿದೆ. ಸಿಪ್ರೊಫ್ಲಾಕ್ಸಾಸಿನ್ ಒಂದೇ ಅಲ್ಲ, ಅದರ ಬಳಗವೇ ಅಲ್ಲದ ಟೆಟ್ರಾಸೈಕ್ಲಿನ್ ಮತ್ತು ಕ್ಲೋರಾಂಫೆನಿಕಾಲ್‌ಗಳ ವರ್ತುಲಗಳೂ ಅದರ ಜೊತೆಗೇ ಕುಗ್ಗಿದ್ದವು. "ಇದು ಪಂಪಿನ ಕೆಲಸ ಇರಬೇಕ್ರಿ. ಹುಳದ ಮೈಗೆ ಎರಡು ಪದರ ಇರತಾವು, ಎರಡನ್ನೂ ದಾಟಿ ಹೊರಗ ತೆರದಿರೋ ಪಂಪ್ ಇರತಾವು. ಒಳಗ ಬಂದ ಔಷಧಾನ ಹಿಡದು ಹೊರಗ ಒಗೀತಾವು. ಯಾವ ಔಷಧ ಅಂತ ಜಾತಿ ಕೇಳೂದಿಲ್ಲ, ಸಿಕ್ಕಿದ್ದನ್ನ ಎತ್ತಿ ಒಗೀತಾವು. ಮೊದಲೂ ಇದ್ದವು, ಈಗ ಹೆಚ್ಚಾಗ್ಯಾವು. ಆದ್ರ ಖಚಿತ ಮಾಡಾಕ ನಮ್ಮ ಲ್ಯಾಬಿನ್ಯಾಗ ಸಲಕರಣಿ ಇಲ್ಲ, ಇದು ನನ್ನ ಅಂದಾಜು."

ಆಕೆಗೆ ಮುರಿತಕ್ಕೂ ಮೊದಲು ಮುಳಗುಂದದಲ್ಲಿ ಯಾರೋ ಹೊಟ್ಟೆಗೆ ಎಂದು ಇದೇ ಸಿಪ್ರೊ ಗುಳಿಗೆ ಎರಡು ದಿನದ್ದು ಕೊಟ್ಟಿದ್ದರು ಎಂದು ಡಾಕ್ಟರು ಅಂದರು. ಕೆಲಸ ಅಲ್ಲೇ ಶುರುವಾಯಿತೋ, ನಮ್ಮ ಆಸ್ಪತ್ರೆಯಲ್ಲಿಯೋ, ಹೇಳಲಾಗದು. ಆದರೆ ತಪ್ಪು ಮೂರನೆಯವರ ಮೇಲೆ ಹೋದಾಗ ನಾವಿಬ್ಬರೂ ಅರೆಗಳಿಗೆ ತಣ್ಣಗಾದೆವು. ನಾಚಿಕೆಗೇಡಿನ ಸಮಾಧಾನ ಅದು.

ಮತ್ತೆ ಅವರೇ ಶುರು ಮಾಡಿದರು. "ಮೊದಲನೇ ಸಲ ಪ್ಲೇಟ್ ಸರಿಯಾಗಿ ನೋಡೀರೇನು? ನಾ ಹೆಂಗ ನಂಬ್ಲಿ?"

ತಕರಾರು ಬಂದರೆ ಸಾಕ್ಷಿ ಇರಲಿ ಎಂದು ಹಳೆಯ ಪ್ಲೇಟುಗಳನ್ನು ಹತ್ತು ದಿನ ಫ್ರಿಜ್ಜಿನಲ್ಲಿ ಇಟ್ಟಿರುತ್ತೇನೆ. ಇವರಿಗಾಗಿಯೇ ಇಟ್ಟದ್ದು ಎಂದರೂ ಸರಿ. ದಡದಡನೆ ಹೋಗಿ ಮೊದಲ ಪ್ಲೇಟನ್ನು ತಂದು ಅವರ ಮೂಗಿನ ಮುಂದೆ ಹಿಡಿದೆ. "ನೋಡ್ರಿ, ಕಣ್ಣು ತುಂಬ ನೋಡ್ರಿ. ಇಪ್ಪತ್ತೇಳು ಮಿಲಿಮೀಟರ್!"

ಅವರು ಕನ್ನಡಕ ಏರಿಸಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮೊದಲ ಸಲ ಸಿಟ್ಟಿಲ್ಲದ ದನಿಯಲ್ಲಿ, ಸುಮ್ಮನೆ ತಿಳಿಯದವರು ಕೇಳುವ ಹಾಗೆ ಕೇಳಿದರು: "ಇದು ಒಂದು ಬಾಜೂ ಯಾಕ ಕತ್ತರಿಸಿದಂಗ ಐತ್ರಿ?"

ಚಪ್ಪಟೆ ಅಂಚು ಸೆಫಾಕ್ಸಿಟಿನ್ ಬಿಲ್ಲೆಯ ಬದಿಗೇ ಇತ್ತು.

"ಏನಿಲ್ಲರಿ, ಪ್ಲೇಟ್ ಓರಿ ಆಗಿರತೈತಿ. ಅಗರ್ ಒಂದು ಕಡೆ ದಪ್ಪ ಬಿದ್ದಿರತೈತಿ" ಎಂದೆ. ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಹತ್ತು ವರ್ಷದಿಂದ ಬಾಯಿಪಾಠ ಮಾಡಿದವಳ ಹಾಗೆ. ಅವರು ನಂಬಿದರು. ಎಂದೂ ನನ್ನ ಮಾತು ನಂಬದ ಮನುಷ್ಯ ಅದೊಂದು ಮಾತು ನಂಬಿದರು.

"ಆತು. ಹಂಗಾದ್ರ ಸೆಫ್ಟ್ರಯಾಕ್ಸೋನ್ ಜೋಡಿ ಸಲ್ಬ್ಯಾಕ್ಟಮ್ ಇರೋ ಇಂಜೆಕ್ಷನ್ ಕೊಡತೀನಿ. ಕಿಣ್ವ ತಡೀತೈತಿ ಅಂತಾರಲ್ಲ, ನಿಮ್ಮ ಇವತ್ತಿನ ರಿಪೋರ್ಟಿನಾಗ ಅದಕ್ಕ ಒಂದು ಪ್ಲಸ್ ಐತಿ" ಎಂದು ಹೊರಟರು.

ಇಲ್ಲಿ ನಿಂತು ಒಂದು ಮಾತು ಹೇಳಬೇಕು. ಸಲ್ಬ್ಯಾಕ್ಟಮ್ ಕಿಣ್ವವನ್ನು ತಡೆಯುತ್ತದೆ ಎಂಬುದು ಸುಳ್ಳಲ್ಲ. ಬ್ಯಾಕ್ಟೀರಿಯಾ ಎರವಲು ತಂದ ಬಗೆಯ ಬೀಟಾ-ಲ್ಯಾಕ್ಟಮೇಸ್‌ಗಳಲ್ಲಿ ಎಷ್ಟನ್ನೋ ಅದು ಕಟ್ಟಿಹಾಕುತ್ತದೆ. ಎಂಟೆರೋಬ್ಯಾಕ್ಟರಿನ ಹುಟ್ಟುಕಿಣ್ವದ ಮುಂದೆ ಅದರ ಆಟ ಹೆಚ್ಚು ನಡೆಯುವುದಿಲ್ಲ. ಈಕೆಯ ಗಾಯದಲ್ಲಿರುವುದು ಯಾವ ಬಗೆಯ ಕಿಣ್ವ ಎಂದು ಸಾರಿ ಹೇಳುತ್ತಿದ್ದದ್ದು ಆ ಚಪ್ಪಟೆ ಅಂಚು. ಅಂದರೆ ಹೊಸ ಇಂಜೆಕ್ಷನ್ನನ್ನು ತಡೆಯಬೇಕಾದರೆ ಆ ಅಂಚಿನ ಅರ್ಥ ಹೇಳಬೇಕು. ಅರ್ಥ ಹೇಳಿದರೆ, ಒಂಬತ್ತು ದಿನದ ಹಿಂದೆಯೇ ಅದು ನನ್ನ ಕೈಯಲ್ಲಿತ್ತು ಎಂದು ಒಪ್ಪಬೇಕು. ಸುಮ್ಮನಿದ್ದರೆ ಇನ್ನೂ ನಾಲ್ಕೈದು ದಿನ ಹೋಗುತ್ತದೆ, ಕೀವು ಎಲುಬಿಗೆ ಇಳಿಯುತ್ತದೆ, ಕಾಲು ಹೋಗುತ್ತದೆ. ಲೆಕ್ಕ ಅಷ್ಟು ಸರಳವಾಗಿತ್ತು, ಆದರೂ ನಾನು ಕುರ್ಚಿಯಿಂದ ಏಳಲಿಲ್ಲ.

ಊಟದ ಡಬ್ಬಿ ಬಿಚ್ಚಿದೆ. ರೊಟ್ಟಿ ಮುರಿದೆ, ಬಾಯಿಗೆ ಹೋಗಲಿಲ್ಲ. ಮೇಲೆ ಹೋಗಿ ಆ ಮನುಷ್ಯನ ಎದುರು ತಲೆ ತಗ್ಗಿಸುವುದನ್ನು ನೆನೆದರೆ ಮೈಯೆಲ್ಲ ಉರಿಯುತ್ತಿತ್ತು. ಬೇರೆ ಯಾರಾಗಿದ್ದರೂ ಹೇಳುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಖರೆಯೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು. ನೇಕಾರ್ತಿಯ ಗಂಡ. ಕೈಯಲ್ಲಿ ಔಷಧದ ಚೀಟಿ. ಹೊರಗಿನ ಮೆಡಿಕಲ್ ಅಂಗಡಿಗೆ ಹೊರಟವನು ದಾರಿಯಲ್ಲಿ ನನ್ನ ಲ್ಯಾಬಿಗೆ ಬಂದಿದ್ದ.

"ಬಾಯಾರ, ಒಂದು ಮಾತು ಕೇಳ್ಲ್ಯಾ? ಡಾಕ್ಟರು ಹೊಸಾ ಇಂಜೆಕ್ಷನ್ ಬರದಾರ್ರಿ. ಇದಕ್ಕ ಎಷ್ಟು ಪ್ಲಸ್ ಐತ್ರಿ?"

ನಾನು ಅವನ ಮುಖ ನೋಡಿದೆ. ಉಬ್ಬಸದಿಂದ ಎದೆ ಏರಿಳಿಯುತ್ತಿತ್ತು. ಅವನೇ ಮುಂದುವರಿಸಿದ: "ಹೋದ ಸಲದ್ದಕ್ಕ ಮೂರು ಇತ್ತಂತ. ಅದಕ್ಕ ಧೈರ್ಯ ಇತ್ರಿ ನಮಗ. ಮೂರಿದ್ದದ್ದ ಕೈಕೊಟ್ಟರ, ಒಂದಿದ್ದದ್ದು ನಡೀತೈತೇನ್ರಿ?"

ಇಷ್ಟು ವರ್ಷ ನಾನು ಬೈದುಕೊಂಡು ಹಾಕಿದ ಪ್ಲಸ್ಸು ಬೆಟಗೇರಿಯ ಮಗ್ಗದ ಮನೆಯ ತನಕ ಹೋಗಿ, ಅಲ್ಲಿ ಧೈರ್ಯವಾಗಿ ಕುಳಿತಿತ್ತು. ಚೀಟಿಯನ್ನು ಅವನ ಕೈಯಿಂದ ಇಸಿದುಕೊಂಡು, "ಇದನ್ನ ತರಬ್ಯಾಡ, ಇಲ್ಲೇ ಕುಂಡ್ರು" ಎಂದು ಮೆಟ್ಟಿಲು ಹತ್ತಿದೆ.

ಡಾಕ್ಟರು ಹೊರರೋಗಿಗಳನ್ನು ನೋಡುತ್ತಿದ್ದರು. ಕೋಣೆಯಲ್ಲಿ ಏಳೆಂಟು ಮಂದಿ, ಇಬ್ಬರು ನರ್ಸುಗಳು. ಎಲ್ಲರನ್ನೂ ಹೊರಗೆ ಕಳಿಸಿ ಎಂದೆ. ಅವರು ಕಳಿಸಲಿಲ್ಲ. "ಏನೈತಿ ಇಲ್ಲೇ ಹೇಳ್ರಿ, ನನಗ ಪುರಸೊತ್ತಿಲ್ಲ." ಸರಿ, ಅಲ್ಲೇ ಹೇಳಿದೆ.

"ಮೊದಲನೇ ಪ್ಲೇಟಿನಾಗ ಒಂದು ಬಾಜೂ ಕತ್ತರಿಸಿದಂಗ ಇತ್ತಲ್ರೀ, ಅದು ಅಗರಿನ ದೋಷ ಅಲ್ಲ. ಹುಟ್ಟುಕಿಣ್ವದ ಗುರುತು. ಅದನ್ನ ನೋಡಿ ಸೆಫ್ಟ್ರಯಾಕ್ಸೋನ್ ಬ್ಯಾಡ ಅಂತ ನಾ ಅವತ್ತ ಬರೀಬೇಕಿತ್ತು. ಸಲ್ಬ್ಯಾಕ್ಟಮ್ ಅದಕ್ಕ ನಡೆಯೂದಿಲ್ಲ, ಆ ಒಂದು ಪ್ಲಸ್ ನಂಬಬ್ಯಾಡ್ರಿ. ಮೆರೊಪೆನೆಮ್ ಶುರು ಮಾಡ್ರಿ, ಅದರ ಉಂಗುರ ಈ ಕಿಣ್ವಕ್ಕ ಸುಲಭಕ್ಕ ಒಡೆಯೂದಿಲ್ಲ. ನಾ ಪ್ಲೇಟಿನಾಗ ನೋಡೀನಿ, ನಡೀತೈತಿ."

ಅವರು ಪೆನ್ನು ಕೆಳಗಿಟ್ಟರು. "ಮುಂಜಾನೆ ಓರಿ ಅಂದ್ರಿ?"

"ನಾ ಸುಳ್ಳು ಹೇಳಿದ್ದೆ."

"ಅವತ್ತು ಕಂಡಿರಲಿಲ್ಲೇನು ನಿಮಗ?"

ಇದೇ ಆ ಪ್ರಶ್ನೆ. ಕಂಡಿರಲಿಲ್ಲ ಎಂದಿದ್ದರೆ ಅದು ಕಣ್ಣಿನ ತಪ್ಪಾಗುತ್ತಿತ್ತು, ವಯಸ್ಸಿನ ತಪ್ಪಾಗುತ್ತಿತ್ತು. "ಕಂಡಿತ್ತು" ಎಂದೆ. "ನೀವು ಜಾತಕ ಬ್ಯಾಡ, ಪ್ಲಸ್ ಹೇಳ್ರಿ ಅಂದ್ರಿ. ಬ್ಯಾಡಂದ್ರ ಬ್ಯಾಡ, ತಗೋ ಪ್ಲಸ್ ಅಂತ ಕೊಟ್ಟೆ."

ಅದಕ್ಕೇ ನಾನು ಅಡ್ಡಕ್ಕೆ ಅಳೆಯಲಿಲ್ಲ. ಅಳೆದಿದ್ದರೆ ಬರೆಯಬೇಕಾಗುತ್ತಿತ್ತು, ಬರೆದರೆ ಅವರು ನಗುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರೆ. ನನ್ನ ಸಿಟ್ಟು ಡಾಕ್ಟರ ಮೇಲೆ, ಬರೆ ಬಿದ್ದದ್ದು ಆಕೆಯ ಕಾಲಿಗೆ.

ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ಬಿಳಿ ಹಾಳೆಯೊಂದನ್ನು ನನ್ನ ಕಡೆ ತಳ್ಳಿದರು. "ಇಷ್ಟೂ ಬರದು ಸಹಿ ಮಾಡ್ರಿ. ನಾಳೆ ಕಾಲು ಹೋದ್ರ ನಾ ಒಬ್ಬನ ಜವಾಬ್ದಾರಿ ಆಗಬಾರದು." ನಿಂತುಕೊಂಡೇ ಬರೆದೆ. ಬರೆಯುವಾಗ ನರ್ಸುಗಳು ನನ್ನನ್ನು ನೋಡದೆ ಗೋಡೆ ನೋಡುತ್ತಿದ್ದರು. ಕೊನೆಯಲ್ಲಿ, ವೈದ್ಯರು ಟಿಪ್ಪಣಿ ಕೇಳುವುದಿಲ್ಲ, ಪ್ಲಸ್ ಮಾತ್ರ ಕೇಳುತ್ತಾರೆ ಎಂದೂ ಸೇರಿಸಿದೆ. ಅದನ್ನು ಓದಿ ಅವರ ಮುಖ ಗಡಿಗೆಯಾಯಿತು, ಆದರೆ ಹೊಡೆದುಹಾಕಿ ಎನ್ನಲಿಲ್ಲ.

ಅಂದೇ ಮೆರೊಪೆನೆಮ್ ಶುರುವಾಯಿತು. ಎರಡು ದಿನ ಬಿಟ್ಟು ಮತ್ತೆ ಆಪರೇಷನ್ ಮಾಡಿ ಉಕ್ಕಿನ ಪಟ್ಟಿಯನ್ನೇ ತೆಗೆದರು. ಪಟ್ಟಿಯ ಮೇಲೆ ಅಂಟಿಕೊಂಡ ಬ್ಯಾಕ್ಟೀರಿಯಾವನ್ನು ಯಾವ ಔಷಧವೂ ಪೂರ್ತಿ ತೊಳೆಯಲಾರದು. ಕೊಳೆತ ಎಲುಬಿನ ಚೂರು ಕೆರೆದು, ಕಾಲಿಗೆ ಹೊರಗಿನಿಂದ ಸಲಾಕೆಗಳ ಚೌಕಟ್ಟು ಹಾಕಿದರು. ವಾರಗಟ್ಟಲೆ ಇಂಜೆಕ್ಷನ್. ಕಾಲು ಉಳಿಯಿತು. ಸ್ವಲ್ಪ ಗಿಡ್ಡವಾಯಿತು, ಪಾದದ ಕೀಲು ಬಿಗಿದುಕೊಂಡಿತು. ಆ ಒಂಬತ್ತು ದಿನ ಹೋಗದೆ ಇದ್ದಿದ್ದರೆ ಕೀಲು ಸರಿಯಿರುತ್ತಿತ್ತೇ ಎಂದು ಒಮ್ಮೆ ಎಲುಬಿನ ಡಾಕ್ಟರನ್ನು ಕೇಳಿದೆ. "ಗೊತ್ತಿಲ್ಲರಿ" ಎಂದರು. ಅವರು ನನಗೆ ಕೊಟ್ಟ ಪ್ರಾಮಾಣಿಕ ಉತ್ತರ ಅದೊಂದೇ.

ನಾನು ಪ್ಲಸ್ ಹಾಕುವುದನ್ನು ನಿಲ್ಲಿಸಿದೆ. ಆಡಳಿತದವರ ಮುಂದೆ ತಪ್ಪು ಒಪ್ಪಿಕೊಂಡೆ. ಹೊಸದಾಗಿ ಬಂದ ಟೆಕ್ನಿಶಿಯನ್ನರಿಗೆ ಆ ಪ್ಲೇಟಿನ ಫೋಟೋ ತೋರಿಸಿ, "ನೋಡ್ರಿ, ಇದು ನಾನು ಮಾಡಿದ್ದು" ಎಂದು ಹೇಳತೊಡಗಿದೆ. ಲಕ್ಷ್ಮೇಶ್ವರದಲ್ಲಿ, ಮುಂಡರಗಿಯಲ್ಲಿ ಲ್ಯಾಬಿನವರು ಕರೆದಾಗ ಅಲ್ಲಿಯೂ ಹೋಗಿ ಹೇಳಿದೆ. ಹೇಳಿ ಹೇಳಿ ಮಾತು ನಯವಾಯಿತು. ಜನ ನನ್ನ ಧೈರ್ಯ ಹೊಗಳಿದರು. ಹೊಗಳಿಸಿಕೊಂಡೆ ಕೂಡ, ಯಾಕೆ ಸುಳ್ಳು. ಎಲುಬಿನ ಡಾಕ್ಟರು ಮಾತ್ರ ಕೀವನ್ನು ಬೇರೆ ಲ್ಯಾಬಿಗೆ ಕಳಿಸತೊಡಗಿದರು, ಪ್ಲಸ್ ಹಾಕುವ ಲ್ಯಾಬಿಗೆ.

ಏಳೆಂಟು ತಿಂಗಳ ಮೇಲೆ ಒಂದು ಬೆಳಿಗ್ಗೆ ಆಕೆ ರಕ್ತ ಕೊಡಲು ಬಂದಳು. ಕೋಲು ಊರಿಕೊಂಡು, ಎಡಗಾಲನ್ನು ಸ್ವಲ್ಪ ಎಳೆಯುತ್ತ. ರಕ್ತ ತೆಗೆಯುವುದು ನನ್ನ ಕೆಲಸವಲ್ಲ, ಆದರೆ ಆ ದಿನ ನಾನೇ ಸಿರಿಂಜು ಹಿಡಿದೆ.

"ಹೆಂಗದೀ ತಂಗಿ? ಮಗ್ಗಕ್ಕ ಕುಂಡ್ರತೀಯೇನು?"

"ಕುಣಿಯಾಗ ಇಳದ್ರ ಪಾದ ಬಗ್ಗೂದಿಲ್ರಿ. ತುಳಿಯಾಕ ಆಗೂದಿಲ್ಲ. ನೂಲು ಸುತ್ತತೀನಿ." ಅವಳ ದನಿಯಲ್ಲಿ ದೂರೂ ಇರಲಿಲ್ಲ, ಸ್ನೇಹವೂ ಇರಲಿಲ್ಲ. ತೋಳಿಗೆ ಪಟ್ಟಿ ಕಟ್ಟಿಸಿಕೊಳ್ಳುತ್ತ ನನ್ನ ಮುಖ ನೋಡಿದಳು. "ನಿಮ್ಮ ಕಡಿಯಿಂದ ತಪ್ಪಾತಂತ್ರಲ್ಲ, ಬಾಯಾರ. ಡಾಕ್ಟರು ಹೇಳಿದ್ರು. ನೀವೂ ಎಲ್ಲಾರ ಮುಂದ ಹೇಳೀರಂತ. ಮುಂಡರಗಿಯಾಗೂ ಹೇಳಿದ್ರಂತ, ನಮ್ಮ ಅಕ್ಕನ ಮಗಳು ಅಲ್ಲಿ ಲ್ಯಾಬಿನ್ಯಾಗ ಅದಾಳ."

"ಹೌದವಾ, ಹೇಳೀನಿ" ಎಂದೆ. ಹೇಳುವಾಗ ಎದೆಯಲ್ಲೆಲ್ಲೋ ಸಣ್ಣ ಹೆಮ್ಮೆ ಇತ್ತು.

"ನನ್ನ ಮುಂದ ಹೇಳಲಿಲ್ಲ."

ಎರಡು ತಿಂಗಳು ಆಕೆ ಮೇಲಿನ ಮಹಡಿಯ ಮಂಚದ ಮೇಲೆ ಮಲಗಿದ್ದಳು. ಇಪ್ಪತ್ತು ಮೆಟ್ಟಿಲು. ನಾನು ಹತ್ತಿದ್ದು ಒಂದೇ ಸಲ, ಅದೂ ಡಾಕ್ಟರ ಕೋಣೆಯ ತನಕ.

ಆಗ ಹೇಳಿದೆ. ನಯವಾದ ಮಾತು ಯಾವುದೂ ಬರಲಿಲ್ಲ. "ಆ ಔಷಧ ನಡೆಯೂದಿಲ್ಲ ಅಂತ ನಿನ್ನ ಕೀವಿನ ಪ್ಲೇಟಿನಾಗ ನನಗ ಕಂಡಿತ್ತು. ಇನ್ನೊಬ್ಬರ ಮ್ಯಾಲಿನ ಸಿಟ್ಟಿಗೆ ಅದನ್ನ ಬರೀಲಿಲ್ಲ. ಅದರಿಂದ ನಿನ್ನ ಕಾಲಿಗೆ ಹಿಂಗಾತು, ತಂಗಿ."

ಆಕೆ ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ತೋಳನ್ನು ಇನ್ನಷ್ಟು ಮುಂದೆ ಚಾಚಿದಳು.

"ಆತು. ಈಗ ರಕ್ತ ತಗೀರಿ. ಈ ಸಲ ಬಂದದ್ದು ಬಂದಂಗ ಬರೀರಿ."